ನಿದ್ದೆಗೆಂದು 18 ವರ್ಷ ನುಂಗಿದ ಫಿನೋಬಾರ್ಬಿಟಲ್: ಬಿಡಿಸುವುದು ಹೇಗೆ, ಅವಸರ ಏಕೆ ಕೂಡದು

ಪ್ರಶ್ನೆ: ನನ್ನ ತಾಯಿಗೆ 72 ವರ್ಷ. ತಂದೆ ತೀರಿಕೊಂಡ ಮೇಲೆ ನಿದ್ದೆ ಬರುತ್ತಿಲ್ಲವೆಂದು ಆಗಿನ ವೈದ್ಯರು ರಾತ್ರಿ 60 ಮಿ.ಗ್ರಾಂ ಫಿನೋಬಾರ್ಬಿಟಲ್ ಬರೆದುಕೊಟ್ಟರು. ಅದು 18 ವರ್ಷಗಳಿಂದ ನಡೆದುಬಂದಿದೆ. ಹೃದಯದ ಬಡಿತ ಏರುಪೇರಾಗುವುದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಕೂಡ ತೆಗೆದುಕೊಳ್ಳುತ್ತಾರೆ. ಈಗಿನ ವೈದ್ಯರು, ‘ಇದನ್ನು ನಿದ್ದೆಗೆ ಈಗ ಯಾರೂ ಕೊಡುವುದಿಲ್ಲ, ಬಿಡಿಸಬೇಕು’ ಎಂದಿದ್ದಾರೆ. ಫಿಟ್ಸ್ ಬರುವ ಮಕ್ಕಳಿಗೂ ಕೊಡುವ ಔಷಧ ಅಷ್ಟು ಕೆಟ್ಟದ್ದೇ? ಒಮ್ಮೆ ಪ್ರಯಾಣದಲ್ಲಿ ಮಾತ್ರೆ ಮರೆತು ಮೂರು ರಾತ್ರಿ ತೆಗೆದುಕೊಂಡಿರಲಿಲ್ಲ, ಚೆನ್ನಾಗಿಯೇ ಮಲಗಿದ್ದರು. ಅಂದರೆ ಚಟವಾಗಿಲ್ಲ, ನಾಳೆಯಿಂದಲೇ ನಿಲ್ಲಿಸಬಹುದು ಅಲ್ಲವೇ? ನನಗೂ ಈಚೆಗೆ ನಿದ್ದೆ ಸರಿಯಿಲ್ಲ. ಉಳಿದ ಮಾತ್ರೆಗಳನ್ನು ಅರ್ಧರ್ಧ ಮಾಡಿ ನಾನು ತೆಗೆದುಕೊಂಡರೆ ತೊಂದರೆಯೇ?

ಉತ್ತರ: ನಾಳೆಯಿಂದ ನಿಲ್ಲಿಸಬೇಡಿ, ಉಳಿದ ಮಾತ್ರೆಗಳನ್ನು ನೀವು ಮುಟ್ಟಲೂಬೇಡಿ. ಬಿಡಿಸಬೇಕು ಎಂದ ವೈದ್ಯರ ಮಾತು ಸರಿಯಾಗಿಯೇ ಇದೆ, ಆದರೆ ಅದು ತಿಂಗಳುಗಟ್ಟಲೆ ನಡೆಯಬೇಕಾದ ಕೆಲಸ. ಮೂರು ರಾತ್ರಿಗಳ ಅನುಭವದಿಂದ ನೀವು ತಲುಪಿರುವ ತೀರ್ಮಾನ ಸಹಜವಾದದ್ದೇ, ಆದರೂ ತಪ್ಪು. ಅದು ಏಕೆ ತಪ್ಪು ಎಂದು ನೋಡಿದರೆ ಈ ಔಷಧದ ಸ್ವಭಾವ ಬಹುಮಟ್ಟಿಗೆ ತಿಳಿಯುತ್ತದೆಯಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ದೇಹ ಸೇರಿದ ಔಷಧದ ಅರ್ಧಭಾಗ ಹೊರಹೋಗಲು ಹಿಡಿಯುವ ಕಾಲಕ್ಕೆ ಅರ್ಧಾಯುಷ್ಯ ಎನ್ನುತ್ತೇವೆ. ವಯಸ್ಕರಲ್ಲಿ ಫಿನೋಬಾರ್ಬಿಟಲ್‌ನ ಅರ್ಧಾಯುಷ್ಯ ಸುಮಾರು ಎರಡರಿಂದ ಐದು ದಿನ. ವಯಸ್ಸಾದವರಲ್ಲಿ ಅದು ಉದ್ದವಾಗುವ ಕಡೆಗೇ ವಾಲುತ್ತದೆ. ನಿಮ್ಮ ತಾಯಿಯವರ ವಿಷಯದಲ್ಲಿ ನಾಲ್ಕು ದಿನ ಎಂದಿಟ್ಟುಕೊಳ್ಳೋಣ. ಹಾಗಾದರೆ ದಿನವೊಂದಕ್ಕೆ ದೇಹದಿಂದ ಹೊರಬೀಳುವುದು ಇರುವುದರಲ್ಲಿ ಆರನೆಯ ಒಂದು ಪಾಲಿನಷ್ಟು ಮಾತ್ರ. ಪ್ರತಿ ರಾತ್ರಿ 60 ಮಿ.ಗ್ರಾಂ ಒಳಹೋಗುತ್ತಿದ್ದು ಹೊರಹೋಗುವುದು ಇಷ್ಟು ನಿಧಾನವಾಗಿದ್ದರೆ, ಎರಡು ಮೂರು ವಾರಗಳವರೆಗೆ ಔಷಧ ಶೇಖರವಾಗುತ್ತಾ ಹೋಗಿ, ಕೊನೆಗೆ ಒಳಬರುವುದೂ ಹೊರಹೋಗುವುದೂ ಸಮವಾಗುವ ಹಂತಕ್ಕೆ ನಿಲ್ಲುತ್ತದೆ. ಲೆಕ್ಕ ಹಾಕಿದರೆ, ಆ ಹಂತದಲ್ಲಿ ರಾತ್ರಿ ಮಾತ್ರೆ ನುಂಗುವ ಮುನ್ನವೇ ಅವರ ದೇಹದಲ್ಲಿ ಸುಮಾರು 320 ಮಿ.ಗ್ರಾಂ ಇರುತ್ತದೆ, ನುಂಗಿದ ಮೇಲೆ 380ರ ಹತ್ತಿರಕ್ಕೆ ಬರುತ್ತದೆ. ಅಂದರೆ ಐದಾರು ಮಾತ್ರೆಗಳಷ್ಟು ಔಷಧ ಹಗಲಿರುಳೂ ಅವರೊಳಗೆ ಇದ್ದೇ ಇರುತ್ತದೆ.

ಈಗ ನಿಮ್ಮ ಪ್ರಯಾಣದ ದಿನಗಳಿಗೆ ಬನ್ನಿ. ಮೂರು ರಾತ್ರಿ ತಪ್ಪಿ ನಾಲ್ಕನೆಯ ರಾತ್ರಿ ಮತ್ತೆ ಮಾತ್ರೆ ತೆಗೆದುಕೊಳ್ಳುವ ಹೊತ್ತಿಗೂ ಅವರ ದೇಹದಲ್ಲಿ 190 ಮಿ.ಗ್ರಾಂನಷ್ಟು ಉಳಿದೇ ಇತ್ತು. ಅವರು ಔಷಧವಿಲ್ಲದೆ ಮಲಗಲಿಲ್ಲ. ಕೂಡಿಟ್ಟ ಔಷಧದ ಮೇಲೆ ಮಲಗಿದರು. ನಿಜವಾಗಿ ನಿಲ್ಲಿಸಿದ್ದರೆ ಎಂಟನೆಯ ದಿನಕ್ಕೆ ಅದು 95ಕ್ಕೂ, ಹದಿನಾರನೆಯ ದಿನಕ್ಕೆ 25ಕ್ಕೂ ಇಳಿಯುತ್ತಿತ್ತು. ತೊಂದರೆ ಕಾಣಿಸಿಕೊಳ್ಳುವುದಿದ್ದರೆ ಆ ಎರಡನೆಯ, ಮೂರನೆಯ ವಾರಗಳಲ್ಲಿ ಕಾಣಿಸಿಕೊಳ್ಳುತ್ತಿತ್ತು. ಆ ಹೊತ್ತಿಗೆ ಮನೆಯವರು ಮಾತ್ರೆಯ ವಿಷಯ ಮರೆತಿರುತ್ತಾರೆ, ಕೈನಡುಕಕ್ಕೋ ಗೊಂದಲಕ್ಕೋ ಬೇರೆ ಕಾರಣ ಹುಡುಕುತ್ತಿರುತ್ತಾರೆ. ನನ್ನ ವೃತ್ತಿಯಲ್ಲಿ ಈ ಔಷಧದ ವಿಚಾರದಲ್ಲಿ ಹೆಚ್ಚಾಗಿ ಕಂಡಿರುವ ಎಡವಟ್ಟು ಇದೇ.

ಇದೇ ಲೆಕ್ಕ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ರಾತ್ರಿ ಹತ್ತಕ್ಕೆ 380 ಮಿ.ಗ್ರಾಂ ಇದ್ದದ್ದು ಮರುದಿನ ಬೆಳಗ್ಗೆ ಹತ್ತಕ್ಕೆ 345ರ ಆಸುಪಾಸಿನಲ್ಲಿರುತ್ತದೆ. ರಾತ್ರಿಗೂ ಹಗಲಿಗೂ ಇರುವ ವ್ಯತ್ಯಾಸ ಇಷ್ಟೇ ಆದಾಗ, ಇದನ್ನು ರಾತ್ರಿಯ ಮಾತ್ರೆ ಎನ್ನುವುದಕ್ಕೆ ಅರ್ಥವೇ ಇಲ್ಲ. ನಿದ್ದೆಯ ಔಷಧದಿಂದ ನಾವು ಬಯಸುವುದು ಮಲಗುವಾಗ ಪರಿಣಾಮವಾಗಿ ಬೆಳಗಾಗುವಷ್ಟರಲ್ಲಿ ಅದು ಇಳಿದುಹೋಗುವುದನ್ನು. ಫಿನೋಬಾರ್ಬಿಟಲ್ ಇಡೀ ದಿನ ಒಂದೇ ಸಮನೆ ಮಂಪರನ್ನು ಹರಡುತ್ತದೆ. ಮಧ್ಯಾಹ್ನ ತೂಕಡಿಕೆ, ಎದ್ದು ನಿಂತಾಗ ತೂರಾಟ, ಹೆಸರುಗಳು ನೆನಪಿಗೆ ಬಾರದಿರುವುದು, ಮಾತಿಗೆ ತಡವಾಗಿ ಉತ್ತರಿಸುವುದು, ಇವೆಲ್ಲ ವಯಸ್ಸಿನ ಲಕ್ಷಣಗಳೆಂದು ನೀವು ಭಾವಿಸಿದ್ದರೆ, ಅವುಗಳಲ್ಲಿ ಎಷ್ಟು ಪಾಲು ವಯಸ್ಸಿನದು, ಎಷ್ಟು ಪಾಲು ಮಾತ್ರೆಯದು ಎಂಬುದು ಬಿಡಿಸಿದ ಮೇಲೆಯೇ ಗೊತ್ತಾಗುತ್ತದೆ. ಅವರು ವಾರ್ಫರಿನ್ ತೆಗೆದುಕೊಳ್ಳುತ್ತಿರುವುದರಿಂದ ತೂರಾಡಿ ಬಿದ್ದು ತಲೆಗೆ ಪೆಟ್ಟಾದರೆ ಒಳಗೆ ರಕ್ತಸ್ರಾವವಾಗುವ ಅಪಾಯ ಬೇರೆಯವರಿಗಿಂತ ಹೆಚ್ಚು. ವೃದ್ಧರಿಗೆ ಕೊಡಬಾರದ ಔಷಧಗಳನ್ನು ಗುರುತಿಸುವ ಬೀರ್ಸ್ ಪಟ್ಟಿಯಲ್ಲಿ ಫಿನೋಬಾರ್ಬಿಟಲ್‌ನ ಗುಂಪಾದ ಬಾರ್ಬಿಚುರೇಟುಗಳು ಸೇರಿರುವುದಕ್ಕೆ ಇಂಥವೇ ಕಾರಣಗಳು.

‘ಆದರೆ ನಿದ್ದೆಯಂತೂ ಬರುತ್ತಿದೆಯಲ್ಲ’ ಎಂದು ನೀವು ಕೇಳಬಹುದು. ಬಾರ್ಬಿಚುರೇಟುಗಳ ನಿದ್ದೆ ತರಿಸುವ ಗುಣ ಬಹಳ ದಿನ ಬಾಳುವುದಿಲ್ಲ. ಪ್ರತಿ ರಾತ್ರಿ ತೆಗೆದುಕೊಂಡರೆ ಸುಮಾರು ಎರಡು ವಾರಗಳಲ್ಲಿ ಮಿದುಳು ಅದಕ್ಕೆ ಒಗ್ಗಿಹೋಗುತ್ತದೆ. ಆಮೇಲೂ ಜನ ಅದನ್ನು ವರ್ಷಗಟ್ಟಲೆ ನುಂಗುವುದೇಕೆಂದರೆ, ನಿಲ್ಲಿಸಲು ಹೋದಾಗ ನಿದ್ದೆ ಮೊದಲಿಗಿಂತ ಕೆಡುತ್ತದೆ. ಈ ಔಷಧಗಳು ಕನಸು ಬೀಳುವ ನಿದ್ದೆಯ ಹಂತವನ್ನು ಅದುಮಿಡುತ್ತವೆ. ಔಷಧ ಇಳಿದಾಗ ಆ ಹಂತ ದುಪ್ಪಟ್ಟಾಗಿ ಮರಳುತ್ತದೆ, ಭಯಂಕರ ಕನಸುಗಳು ಬೀಳುತ್ತವೆ, ನಡುರಾತ್ರಿ ಎಚ್ಚರವಾಗುತ್ತದೆ. ಮತ್ತೆ ಮಾತ್ರೆ ತೆಗೆದುಕೊಂಡರೆ ಎಲ್ಲ ತಣ್ಣಗಾಗುತ್ತದೆ. ಹೀಗೆ ಮಾತ್ರೆಯೇ ಹುಟ್ಟಿಸಿದ ಕಷ್ಟವನ್ನು ಮಾತ್ರೆಯೇ ನಿವಾರಿಸುವುದು, ನೋಡುವವರಿಗೆ ಅದರ ಗುಣದಂತೆ ಕಾಣುತ್ತದೆ.

ಹಾಗಾದರೆ ಹಿಂದಿನ ವೈದ್ಯರು ಇದನ್ನೇಕೆ ಕೊಡುತ್ತಿದ್ದರು ಎಂದರೆ, ಬಹುಕಾಲ ಬೇರೆ ಗತಿ ಇರಲಿಲ್ಲ. 1903ರಲ್ಲಿ ಎಮಿಲ್ ಫಿಷರ್ ಮತ್ತು ಯೋಸೆಫ್ ಫಾನ್ ಮೆರಿಂಗ್ ಇದೇ ಗುಂಪಿನ ಬಾರ್ಬಿಟಲ್‌ನ ನಿದ್ದೆ ತರಿಸುವ ಗುಣವನ್ನು ಪ್ರಕಟಿಸಿದರು. ಅದು ವೆರೊನಾಲ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಅದಕ್ಕೂ ಮುಂಚೆ ಇದ್ದ ಬ್ರೋಮೈಡ್ ಮತ್ತು ಕ್ಲೋರಲ್‌ಗಳ ಎದುರು ಅದು ದೊಡ್ಡ ಸುಧಾರಣೆಯೇ ಆಗಿತ್ತು. 1912ರಲ್ಲಿ ಫಿನೋಬಾರ್ಬಿಟಲ್ ಲ್ಯೂಮಿನಾಲ್ ಎಂಬ ಹೆಸರಿನಲ್ಲಿ ಬಂದಿತು, ಅದೇ ವರ್ಷ ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ಜರ್ಮನ್ ವೈದ್ಯ ಅದು ಅಪಸ್ಮಾರವನ್ನು ತಡೆಯುತ್ತದೆಂದು ಕಂಡುಕೊಂಡ. ಮುಂದೆ ಅಮೋಬಾರ್ಬಿಟಲ್, ಪೆಂಟೋಬಾರ್ಬಿಟಲ್, ಸೆಕೊಬಾರ್ಬಿಟಲ್‌ಗಳು ಬಂದವು. ಇವು ಬೇಗ ಹತ್ತಿ ಬೇಗ ಇಳಿಯುವ ಜಾತಿಯವು, ನಿದ್ದೆಗೆ ಹೆಚ್ಚು ಬಳಕೆಯಾದವೂ ಇವೇ, ಹೆಚ್ಚು ಜನರನ್ನು ಬಲಿ ತೆಗೆದುಕೊಂಡವೂ ಇವೇ. 1960ರಲ್ಲಿ ಕ್ಲೋರ್‌ಡಯಜೆಪಾಕ್ಸೈಡ್, 1963ರಲ್ಲಿ ಡಯಜೆಪಾಮ್ ಮಾರುಕಟ್ಟೆಗೆ ಬಂದ ಮೇಲೆ ಬಾರ್ಬಿಚುರೇಟುಗಳು ನಿದ್ದೆಯ ಚಿಕಿತ್ಸೆಯಿಂದ ಹಿಂದೆ ಸರಿಯತೊಡಗಿದವು. ಹೊಸವು ನಿರಪಾಯಕಾರಿ ಎಂದಲ್ಲ. ಅವುಗಳಿಗೂ ಚಟ ಹತ್ತುತ್ತದೆ. ವ್ಯತ್ಯಾಸವಿರುವುದು ಪ್ರಮಾಣ ಮೀರಿದಾಗ ಏನಾಗುತ್ತದೆ ಎಂಬಲ್ಲಿ.

ಮಿದುಳಿನಲ್ಲಿ ನರಕೋಶಗಳ ಉದ್ರೇಕವನ್ನು ತಗ್ಗಿಸುವ ಮುಖ್ಯ ರಾಸಾಯನಿಕ ಗಾಬಾ. ಅದು ಬಂದು ತಗುಲಿದಾಗ ಕೋಶದ ಹೊರಪೊರೆಯಲ್ಲಿ ಕ್ಲೋರೈಡ್ ಒಳನುಗ್ಗುವ ಒಂದು ಪುಟ್ಟ ಬಾಗಿಲು ತೆರೆದು ಮುಚ್ಚುತ್ತದೆ. ಡಯಜೆಪಾಮ್ ಗುಂಪಿನ ಔಷಧಗಳು ಆ ಬಾಗಿಲು ಮತ್ತೆ ಮತ್ತೆ ತೆರೆಯುವಂತೆ ಮಾಡುತ್ತವೆ, ಆದರೆ ಗಾಬಾ ಇದ್ದರೆ ಮಾತ್ರ. ಆದ್ದರಿಂದ ಅವುಗಳ ಪರಿಣಾಮಕ್ಕೆ ದೇಹದೊಳಗೇ ಒಂದು ಮಿತಿಯಿದೆ. ಬಾರ್ಬಿಚುರೇಟುಗಳು ಬಾಗಿಲು ಒಮ್ಮೆ ತೆರೆದರೆ ಹೆಚ್ಚು ಹೊತ್ತು ತೆರೆದೇ ಇರುವಂತೆ ಮಾಡುತ್ತವೆ, ಪ್ರಮಾಣ ಹೆಚ್ಚಿದರೆ ಗಾಬಾದ ಹಂಗಿಲ್ಲದೆ ತಾವೇ ಅದನ್ನು ತೆರೆಯುತ್ತವೆ. ಹೀಗಾಗಿ ಪ್ರಮಾಣ ಏರಿದಂತೆ ಮಂಪರು ನಿದ್ದೆಯಾಗಿ, ನಿದ್ದೆ ಪ್ರಜ್ಞಾಹೀನತೆಯಾಗಿ, ಕೊನೆಗೆ ಉಸಿರಾಟವನ್ನು ನಡೆಸುವ ಮಿದುಳಿನ ಕೇಂದ್ರವೇ ಸ್ತಬ್ಧವಾಗುತ್ತದೆ. ನಡುವೆ ಎಲ್ಲೂ ತಡೆಯಿಲ್ಲ. ಮದ್ಯವೋ, ನೋವಿನ ಅಫೀಮು ವರ್ಗದ ಔಷಧವೋ, ಇನ್ನೊಂದು ನಿದ್ದೆ ಮಾತ್ರೆಯೋ ಜೊತೆಗೂಡಿದರೆ ಆ ಹಾದಿ ಇನ್ನೂ ಗಿಡ್ಡವಾಗುತ್ತದೆ.

ಇಲ್ಲೊಂದು ಮೋಸವೂ ಇದೆ. ಮಿದುಳು ಮಂಪರಿಗೆ ಒಗ್ಗಿಕೊಳ್ಳುವಷ್ಟು ಉಸಿರಾಟದ ಕೇಂದ್ರ ಒಗ್ಗಿಕೊಳ್ಳುವುದಿಲ್ಲ. ನಿದ್ದೆ ಬರುತ್ತಿಲ್ಲವೆಂದು ವರ್ಷ ಕಳೆದಂತೆ ಪ್ರಮಾಣ ಏರಿಸುತ್ತಾ ಹೋದವರಲ್ಲಿ, ನಿದ್ದೆಗೆ ಬೇಕಾಗುವ ಪ್ರಮಾಣ ಮೇಲೇರುತ್ತದೆ, ಪ್ರಾಣಕ್ಕೆ ಎರವಾಗುವ ಪ್ರಮಾಣ ಇದ್ದಲ್ಲೇ ಇರುತ್ತದೆ, ಎರಡರ ನಡುವಣ ಅಂತರ ಕಿರಿದಾಗುತ್ತದೆ. ನಿಮ್ಮ ತಾಯಿಯವರು 18 ವರ್ಷವೂ 60 ಮಿ.ಗ್ರಾಂ ಮೀರದೆ ಉಳಿದದ್ದು ಅವರ ಅದೃಷ್ಟವೂ ಹೌದು, ಸಂಯಮವೂ ಹೌದು.

ಅಕಸ್ಮಾತ್ ಪ್ರಮಾಣ ಮೀರಿದರೆ ಇದಕ್ಕೆ ಪ್ರತ್ಯೌಷಧವಿಲ್ಲ. ಡಯಜೆಪಾಮ್ ಗುಂಪಿನ ಮಾತ್ರೆಗಳ ಪರಿಣಾಮವನ್ನು ತಗ್ಗಿಸುವ ಫ್ಲೂಮಾಜೆನಿಲ್ ಬಾರ್ಬಿಚುರೇಟಿನ ಮುಂದೆ ಕೆಲಸ ಮಾಡುವುದಿಲ್ಲ. ಒಂದು ಕಾಲದಲ್ಲಿ ಇಂಥ ರೋಗಿಗಳನ್ನು ಎಬ್ಬಿಸಲೆಂದು ಉತ್ತೇಜಕ ಔಷಧಗಳನ್ನು ಚುಚ್ಚುತ್ತಿದ್ದರು. 1940ರ ದಶಕದ ಕೊನೆಯ ಹೊತ್ತಿಗೆ ಕೋಪನ್‌ಹೇಗನ್‌ನಲ್ಲಿ ಕಾರ್ಲ್ ಕ್ಲೆಮ್ಮೆಸೆನ್ ಅದನ್ನು ಕೈಬಿಟ್ಟು, ಶ್ವಾಸನಾಳವನ್ನು ತೆರವಾಗಿಟ್ಟು, ಉಸಿರಾಟಕ್ಕೂ ರಕ್ತದೊತ್ತಡಕ್ಕೂ ಆಸರೆ ಕೊಟ್ಟು, ದೇಹವೇ ಔಷಧವನ್ನು ಹೊರಹಾಕುವವರೆಗೆ ಕಾಯುವ ಕ್ರಮವನ್ನು ತಂದಾಗ ಸಾವುಗಳು ಗಣನೀಯವಾಗಿ ಇಳಿದವು. ಇಂದಿಗೂ ಚಿಕಿತ್ಸೆಯ ತಿರುಳು ಅದೇ. ಅದಕ್ಕೆ ಸಕ್ರಿಯ ಇದ್ದಿಲು ಕೊಡುವುದು, ಬೇಕಾದಾಗ ಡಯಾಲಿಸಿಸ್ ಮಾಡುವುದು ಸೇರಿಕೊಂಡಿವೆ. ಕಾಯುವ ಅವಧಿ ಮಾತ್ರ ಫಿನೋಬಾರ್ಬಿಟಲ್‌ನಲ್ಲಿ ದಿನಗಟ್ಟಲೆ.

ಅಪಸ್ಮಾರದ ಮಕ್ಕಳಿಗೆ ಇದನ್ನು ಕೊಡುವುದು ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಫಿನೋಬಾರ್ಬಿಟಲ್ ಇದೆ, ನವಜಾತ ಶಿಶುಗಳ ಸೆಳವಿಗೆ ಇದನ್ನು ಇಂದಿಗೂ ಬಳಸುತ್ತಾರೆ. ಅಲ್ಲಿ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವುದು ಪ್ರಾಣಕ್ಕೂ ಮಿದುಳಿಗೂ ಕುತ್ತು ತರಬಲ್ಲ ಸೆಳವು. ರಕ್ತದಲ್ಲಿ ಔಷಧದ ಮಟ್ಟವನ್ನು ಅಳೆದು, ಮಂಪರಿನಂಥ ಕಷ್ಟಗಳನ್ನು ತಿಳಿದೇ ಒಪ್ಪಿಕೊಂಡು ಕೊಡುತ್ತಾರೆ. ಇಡೀ ದಿನ ಸಮನಾಗಿ ಉಳಿಯುವ ಅದರ ಗುಣ ಅಪಸ್ಮಾರಕ್ಕೆ ಬೇಕಾದದ್ದೇ, ನಿದ್ದೆಗೆ ಬೇಡವಾದದ್ದು.

ಇನ್ನು ದಿಢೀರನೆ ನಿಲ್ಲಿಸುವುದರ ವಿಷಯ. ಬಾರ್ಬಿಚುರೇಟುಗಳಿಂದ ಚಟವಾಗುವುದಿಲ್ಲವೆಂದು ನಂಬಿದ್ದ ಕಾಲವೊಂದಿತ್ತು. ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಸಂಗಡಿಗರು 1950ರಲ್ಲಿ ಪ್ರಕಟಿಸಿದ ಪ್ರಯೋಗ ಆ ನಂಬಿಕೆಯನ್ನು ಮುರಿಯಿತು. ತಿಂಗಳುಗಟ್ಟಲೆ ದೊಡ್ಡ ಪ್ರಮಾಣದಲ್ಲಿ ಕೊಟ್ಟು ಒಮ್ಮೆಲೇ ನಿಲ್ಲಿಸಿದಾಗ, ಮೊದಲು ಆತಂಕ, ನಡುಕ, ನಿಶ್ಶಕ್ತಿ, ಎದ್ದರೆ ತಲೆಸುತ್ತು, ಆಮೇಲೆ ಮೈಯೆಲ್ಲ ಸೆಟೆಯುವ ಸೆಳವು, ಅದರ ಹಿಂದೆಯೇ ಇಲ್ಲದ್ದನ್ನು ಕಂಡು ಕೇಳುವ ಸನ್ನಿ ಕಾಣಿಸಿಕೊಂಡವು. ಕೈದಿಗಳಾಗಿದ್ದ ಹಳೆಯ ವ್ಯಸನಿಗಳ ಮೇಲೆ ನಡೆದ ಆ ಪ್ರಯೋಗಕ್ಕೆ ಇಂದು ಯಾವ ನೈತಿಕ ಸಮಿತಿಯೂ ಒಪ್ಪಿಗೆ ಕೊಡಲಾರದು, ಆದರೆ ಅಲ್ಲಿ ಕಂಡ ಕ್ರಮ ಇಂದಿಗೂ ನಿಜ.

ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಅಂಥ ಉಗ್ರ ಲಕ್ಷಣಗಳು ಕಂಡದ್ದು ನಿಮ್ಮ ತಾಯಿಯವರ ಪ್ರಮಾಣಕ್ಕಿಂತ ಬಹಳ ಹೆಚ್ಚು ತೆಗೆದುಕೊಂಡವರಲ್ಲಿ, ಅದೂ ಬೇಗ ಇಳಿಯುವ ಔಷಧಗಳಲ್ಲಿ. 60 ಮಿ.ಗ್ರಾಂ ಚಿಕ್ಕ ಪ್ರಮಾಣ; ಫಿನೋಬಾರ್ಬಿಟಲ್ ನಿಧಾನವಾಗಿ ಇಳಿಯುವುದೇ ಒಂದು ಮಟ್ಟಿಗೆ ರಕ್ಷಣೆ. ಸನ್ನಿಯವರೆಗೆ ಹೋಗುವ ಸಂಭವ ಕಡಿಮೆ ಎಂದೇ ನಾನು ಎಣಿಸುತ್ತೇನೆ. ಆದರೂ 18 ವರ್ಷ ಒಗ್ಗಿಹೋದ 72ರ ಮಿದುಳಿನ ಮೇಲೆ ಜೂಜಾಡಬಾರದು. ಅವರು ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದು ರಕ್ತದಲ್ಲಿ ಸೋಡಿಯಂ ತಗ್ಗಿದ್ದರೆ, ಅಥವಾ ಹಿಂದೆ ಎಂದೋ ಚಿಕ್ಕದೊಂದು ಪಾರ್ಶ್ವವಾಯು ಆಗಿದ್ದರೆ, ಸೆಳವಿಗೆ ದಾರಿ ಸಲೀಸಾಗಿರುತ್ತದೆ.

ನಿಮ್ಮ ತಾಯಿಯವರ ವಿಷಯದಲ್ಲಿ ಇದಕ್ಕಿಂತ ಹೆಚ್ಚಾಗಿ ನನ್ನನ್ನು ಯೋಚನೆಗೆ ಹಚ್ಚುವುದು ವಾರ್ಫರಿನ್. ನೀವು ಅದನ್ನು ಮಾತಿನ ನಡುವೆ ಸುಮ್ಮನೆ ಹೇಳಿದ್ದೀರಿ. ಇಡೀ ಯೋಜನೆ ಅದರ ಸುತ್ತಲೇ ನಿಲ್ಲಬೇಕು. ಫಿನೋಬಾರ್ಬಿಟಲ್ ಯಕೃತ್ತಿಗೆ ಹೆಚ್ಚು ಕಿಣ್ವಗಳನ್ನು ತಯಾರಿಸುವಂತೆ ಪ್ರಚೋದನೆ ಕೊಡುತ್ತದೆ, ಆ ಕಿಣ್ವಗಳು ವಾರ್ಫರಿನ್ನನ್ನು ಬೇಗ ಬೇಗ ಒಡೆದುಹಾಕುತ್ತವೆ. ಹಾಗಾಗಿ ಅವರಿಗೆ ವಾರ್ಫರಿನ್ ಆರಂಭಿಸಿದಾಗ, ರಕ್ತ ಹೆಪ್ಪುಗಟ್ಟುವಿಕೆಯ ಅಳತೆಯಾದ ಐಎನ್‌ಆರ್ ಅನ್ನು 2ರಿಂದ 3ರೊಳಗೆ ತರಲು ಬೇರೆಯವರಿಗಿಂತ ಹೆಚ್ಚಿನ ಪ್ರಮಾಣ ಬೇಕಾಗಿರಬಹುದು; ಏಕೆ ಹೆಚ್ಚು ಬೇಕಾಯಿತೆಂದು ಯಾರೂ ಕೇಳಿರದಿರಬಹುದು. ಈಗ ಫಿನೋಬಾರ್ಬಿಟಲ್ ಇಳಿಸಿದರೆ ಆ ಹೆಚ್ಚುವರಿ ಕಿಣ್ವಗಳು ವಾರಗಳಲ್ಲಿ ಕರಗುತ್ತವೆ. ವಾರ್ಫರಿನ್ ಮಾತ್ರೆ ಅಷ್ಟೇ ಇದ್ದರೂ ಅದರ ಪರಿಣಾಮ ಹೆಚ್ಚುತ್ತಾ ಹೋಗಿ ಐಎನ್‌ಆರ್ 4, 5 ದಾಟಬಹುದು, ಹೊಟ್ಟೆಯಲ್ಲೋ ತಲೆಯಲ್ಲೋ ರಕ್ತಸ್ರಾವವಾಗಬಹುದು. ಕೊನೆಯ ಮಾತ್ರೆ ಮುಗಿದು, ನಿದ್ದೆಯೂ ಒಂದು ಹದಕ್ಕೆ ಬಂದು, ಎಲ್ಲ ಸಲೀಸಾಯಿತು ಎನಿಸುವ ಹೊತ್ತಿಗೇ ಈ ಏರಿಕೆ ಕಾಣಬಹುದಾದ್ದರಿಂದ ಅದನ್ನು ಕಾಯುತ್ತಲೇ ಇರಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೊಸ ಮಾತ್ರೆಗಳಿಗೆ ಬದಲಾಯಿಸಿಕೊಂಡುಬಿಡೋಣ ಎಂದುಕೊಂಡರೆ, ಫಿನೋಬಾರ್ಬಿಟಲ್ ದೇಹದಲ್ಲಿರುವವರೆಗೆ ಅವುಗಳ ಮಟ್ಟವೂ ಕುಸಿಯುವ ಭಯವಿದೆ, ಮತ್ತು ಅವುಗಳಿಗೆ ಐಎನ್‌ಆರ್‌ನಂಥ ಸುಲಭದ ಅಳತೆ ಇಲ್ಲ. ಆದ್ದರಿಂದ ಬಿಡಿಸುವ ಅವಧಿಯಲ್ಲಿ ವಾರ್ಫರಿನ್ ಇರುವುದೇ ಒಂದು ರೀತಿಯಲ್ಲಿ ಅನುಕೂಲ, ಅಳೆಯುತ್ತಾ ಇಳಿಸಬಹುದು.

ಇಳಿಸಲು ಕೈಹಾಕುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿ: ಈ ಮಾತ್ರೆಯನ್ನು ನಿಜವಾಗಿಯೂ ನಿದ್ದೆಗೆಂದೇ ಕೊಟ್ಟಿದ್ದರೇ? ತಂದೆಯವರ ಅಗಲಿಕೆಯ ದಿನಗಳಲ್ಲಿ ತಾಯಿ ಒಮ್ಮೆ ಎಚ್ಚರ ತಪ್ಪಿ ಬಿದ್ದಿದ್ದು, ಅದನ್ನು ವೈದ್ಯರು ಸೆಳವೆಂದು ಶಂಕಿಸಿ ಕೊಟ್ಟು, ಮನೆಯವರ ನೆನಪಿನಲ್ಲಿ ‘ನಿದ್ದೆ ಮಾತ್ರೆ’ ಎಂದಷ್ಟೇ ಉಳಿದಿರುವಂಥ ಉದಾಹರಣೆಗಳಿವೆ. ಹಳೆಯ ಚೀಟಿಗಳಿದ್ದರೆ ತೆಗೆಯಿರಿ, ತಾಯಿಯವರ ಒಡಹುಟ್ಟಿದವರನ್ನು ಕೇಳಿ. ಸೆಳವಿನ ಸುಳಿವೇನಾದರೂ ಸಿಕ್ಕರೆ ನರರೋಗ ತಜ್ಞರನ್ನು ಕಾಣದೆ ಒಂದು ಮಿಲಿಗ್ರಾಮನ್ನೂ ಇಳಿಸಬಾರದು. ಜೊತೆಗೆ ಸೋಡಿಯಂ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ, ಐಎನ್‌ಆರ್, ವಿಟಮಿನ್ ಡಿ ನೋಡಿಸಿ. ವಿಟಮಿನ್ ಡಿ ಏಕೆಂದರೆ ಅದೇ ಕಿಣ್ವಗಳು ಅದನ್ನೂ ಸವೆಸುತ್ತವೆ. ವರ್ಷಗಟ್ಟಲೆ ಫಿನೋಬಾರ್ಬಿಟಲ್ ತೆಗೆದುಕೊಂಡವರ ಮೂಳೆ ಮೆತ್ತಗಾಗಿರುವುದು ಅಪರೂಪವಲ್ಲ. ಸಾಧ್ಯವಿದ್ದರೆ ರಕ್ತದಲ್ಲಿ ಫಿನೋಬಾರ್ಬಿಟಲ್ ಮಟ್ಟವನ್ನೂ ಒಮ್ಮೆ ಅಳೆಸಿ. 60 ಮಿ.ಗ್ರಾಂಗೆ ಅದು ಪ್ರತಿ ಮಿಲಿಲೀಟರಿಗೆ 10 ಮೈಕ್ರೊಗ್ರಾಂ ಆಸುಪಾಸಿನಲ್ಲಿರಬೇಕು. 25, 30 ಎಂದು ಬಂದರೆ ಅವರ ದೇಹ ಔಷಧವನ್ನು ತೀರಾ ನಿಧಾನವಾಗಿ ಹೊರಹಾಕುತ್ತಿದೆ, ಇಲ್ಲವೇ ಅವರು ನಿಮಗೆ ಹೇಳದೆ ಹೆಚ್ಚು ನುಂಗುತ್ತಿದ್ದಾರೆ ಎಂದರ್ಥ. ಎರಡರಲ್ಲಿ ಯಾವುದಾದರೂ ಇಳಿಸುವ ವೇಗ ಬದಲಾಗುತ್ತದೆ.

ಇಳಿಸುವ ವೇಗಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಸೂತ್ರವಿಲ್ಲ. ಇಂಥವರಿಗೆ ನಾನಾದರೆ 60ರಿಂದ 45ಕ್ಕೆ, ಅಲ್ಲಿಂದ 30ಕ್ಕೆ, 15ಕ್ಕೆ, ಆಮೇಲೆ ಸೊನ್ನೆಗೆ ಇಳಿಸುವ ಯೋಜನೆ ಹಾಕಿ, ಒಂದೊಂದು ಮೆಟ್ಟಿಲಿನಲ್ಲೂ ಮೂರರಿಂದ ನಾಲ್ಕು ವಾರ ನಿಲ್ಲಿಸುತ್ತೇನೆ. ಮೂರು ವಾರ ಏಕೆಂದರೆ, ಪ್ರಮಾಣ ಬದಲಾದಾಗ ರಕ್ತದಲ್ಲಿನ ಮಟ್ಟ ಹೊಸ ಜಾಗಕ್ಕೆ ಬಂದು ನೆಲೆಗೊಳ್ಳಲು ನಾಲ್ಕೈದು ಅರ್ಧಾಯುಷ್ಯ, ಅಂದರೆ 16ರಿಂದ 20 ದಿನ ಬೇಕು. ವಾರಕ್ಕೊಮ್ಮೆ ಇಳಿಸುವವರು ಹಿಂದಿನ ಇಳಿಕೆಯ ಪರಿಣಾಮ ಗೊತ್ತಾಗುವ ಮೊದಲೇ ಮುಂದಿನ ಹೆಜ್ಜೆ ಇಟ್ಟಿರುತ್ತಾರೆ. ಈ ಲೆಕ್ಕದಲ್ಲಿ, ಸೊನ್ನೆಗಿಳಿದ ಮೇಲಿನ ವಾರಗಳೂ ಸೇರಿ, ಒಟ್ಟು ಮೂರು ನಾಲ್ಕು ತಿಂಗಳಾಗುತ್ತದೆ. ಕೊನೆಯ 15ರ ಮೆಟ್ಟಿಲಲ್ಲಿ ಕಷ್ಟವೆನಿಸಿದರೆ ಅಲ್ಲೇ ಇನ್ನೊಂದು ತಿಂಗಳು ನಿಂತರೂ ನಷ್ಟವಿಲ್ಲ. ಇದು ನಿಮ್ಮ ವೈದ್ಯರೊಂದಿಗೆ ಕುಳಿತು ಮಾತಾಡಲೆಂದು ಕೊಟ್ಟ ಮಾದರಿಯೇ ಹೊರತು ಮನೆಯಲ್ಲೇ ಆರಂಭಿಸಲಲ್ಲ. ಪ್ರತಿ ಇಳಿಕೆಯ ನಂತರ ವಾರಕ್ಕೊಮ್ಮೆ ಐಎನ್‌ಆರ್ ನೋಡಿಸಿ, ವಾರ್ಫರಿನ್ ಪ್ರಮಾಣವನ್ನು ಅವರು ಸರಿಪಡಿಸುತ್ತಾ ಬರಬೇಕು. ಕೊನೆಯ ಮಾತ್ರೆಯಾದ ಮೇಲೂ ಕನಿಷ್ಠ ಆರು ವಾರ ಈ ತಪಾಸಣೆ ನಿಲ್ಲಬಾರದು. ನಡುವೆ ಒಂದು ರಾತ್ರಿ ಮಾತ್ರೆ ಮರೆತರೆ ಮರುದಿನ ಎರಡು ಕೊಡಬೇಡಿ, ದೇಹದಲ್ಲಿ ಬೇಕಾದಷ್ಟು ಇದ್ದೇ ಇರುತ್ತದೆ.

ಈ ತಿಂಗಳುಗಳಲ್ಲಿ ನಿದ್ದೆ ಹಗುರಾಗುವುದು, ಕನಸು ಹೆಚ್ಚುವುದು, ಸ್ವಲ್ಪ ಸಿಡುಕು, ಇವು ನಿರೀಕ್ಷಿತ. ಕೈನಡುಕ, ಬೆವರು, ಎದೆಬಡಿತದ ಹೆಚ್ಚಳ, ವಾಂತಿ ಕಂಡರೆ ಮೆಟ್ಟಿಲು ದೊಡ್ಡದಾಯಿತೆಂದು ತಿಳಿದು ವೈದ್ಯರಿಗೆ ಹೇಳಿ. ಹಿಂದಿನ ಪ್ರಮಾಣಕ್ಕೆ ಮರಳುವುದು ಸೋಲಲ್ಲ. ಸ್ನಾಯುಗಳು ಥಟ್ಟನೆ ಎಗರುವುದು, ಹೊತ್ತುಗೊತ್ತಿನ ಅರಿವು ತಪ್ಪುವುದು, ಇಲ್ಲದವರೊಡನೆ ಮಾತಾಡುವುದು, ಸೆಳವು, ಇವುಗಳಲ್ಲಿ ಯಾವುದಾದರೂ ಕಂಡರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ. ಕಪ್ಪು ಮಲ, ವಸಡಿನಲ್ಲಿ ನಿಲ್ಲದ ರಕ್ತ, ಕಾರಣವಿಲ್ಲದ ನೀಲಿ ಕಲೆ, ತಲೆಗೆ ಬಿದ್ದ ಚಿಕ್ಕ ಪೆಟ್ಟು ಕೂಡ ವಾರ್ಫರಿನ್ ಕಡೆಯಿಂದ ಬರುವ ತುರ್ತುಗಳು.

ಹಾಗಾದರೆ ನಿದ್ದೆಗೆ ಏನು ಮಾಡುವುದು? ಒಂದು ಮಾತ್ರೆ ಇಳಿಸುತ್ತಾ ಅದರ ಜಾಗಕ್ಕೆ ಇನ್ನೊಂದನ್ನು ಕೂರಿಸುವುದರ ಬಗ್ಗೆ ನನಗೆ ಉತ್ಸಾಹವಿಲ್ಲ. ಡಯಜೆಪಾಮ್ ಗುಂಪಿನವೂ, ಜೋಲ್ಪಿಡೆಮ್‌ನಂಥವೂ ಈ ವಯಸ್ಸಿನಲ್ಲಿ ಬೀಳುವ ಭಯವನ್ನು ಹಾಗೆಯೇ ಉಳಿಸುತ್ತವೆ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ನಡವಳಿಕೆಯ ಚಿಕಿತ್ಸೆಯೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲಿ ಹೇಳಿತು. ಯುರೋಪಿನ ಮಾರ್ಗಸೂಚಿಗಳೂ ಅದನ್ನೇ ಹೇಳುತ್ತವೆ. ಅದರ ಮುಖ್ಯ ಭಾಗ ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ನಿಜವಾದ ನಿದ್ದೆಯ ಹೊತ್ತಿಗೆ ಹತ್ತಿರ ತರುವುದು. ತಾಯಿಯವರು ರಾತ್ರಿ ಒಂಬತ್ತಕ್ಕೆ ಮಲಗಿ ಬೆಳಗ್ಗೆ ಆರರವರೆಗೆ ಹಾಸಿಗೆಯಲ್ಲಿದ್ದು ಆರು ಗಂಟೆ ಮಾತ್ರ ನಿದ್ದೆ ಮಾಡುತ್ತಾರೆ ಎಂದರೆ, ಏಳುವ ಹೊತ್ತನ್ನು ಆರಕ್ಕೇ ಗಟ್ಟಿಮಾಡಿ, ಮಲಗುವ ಹೊತ್ತನ್ನು ಹನ್ನೊಂದರ ಸುಮಾರಿಗೆ ಸರಿಸಿ, ನಿದ್ದೆ ಗಟ್ಟಿಯಾದ ಮೇಲೆ ವಾರಕ್ಕೆ ಕಾಲು ಗಂಟೆಯಂತೆ ಹಿಂದಕ್ಕೆ ತರುತ್ತಾರೆ. ಸೆಳವಿನ ಇತಿಹಾಸವಿದ್ದವರಿಗೆ ನಿದ್ದೆಗೆಡುವುದೇ ಅಪಾಯವಾದ್ದರಿಂದ ಇದನ್ನು ಹೀಗೆ ಮಾಡುವಂತಿಲ್ಲ. ಮಾತ್ರೆ ಕೊಟ್ಟದ್ದು ನಿದ್ದೆಗೋ ಸೆಳವಿಗೋ ಎಂಬ ಮೇಲಿನ ಪ್ರಶ್ನೆಗೆ ಉತ್ತರ ಬೇಕಾದದ್ದು ಇದಕ್ಕೂ ಹೌದು. ಮಾತ್ರೆ ಬೇಕೇ ಬೇಕೆನಿಸಿದರೆ ಕಡಿಮೆ ಪ್ರಮಾಣದ ಡಾಕ್ಸೆಪಿನ್, ಅಥವಾ ಎಚ್ಚರವನ್ನು ಕಾಯುವ ಒರೆಕ್ಸಿನ್ ಎಂಬ ರಾಸಾಯನಿಕವನ್ನು ತಡೆಯುವ ಹೊಸ ಗುಂಪಿನ ಔಷಧಗಳಿವೆ. ಫಿನೋಬಾರ್ಬಿಟಲ್ ಎಚ್ಚರಿಸಿದ ಕಿಣ್ವಗಳು ಈ ಹೊಸ ಗುಂಪಿನವನ್ನೂ ಬೇಗ ಒಡೆಯುತ್ತವೆ. ಇಳಿಸುವ ನಡುವೆ ಕೊಟ್ಟು ‘ಇದೂ ಕೆಲಸ ಮಾಡಲಿಲ್ಲ’ ಎಂದು ತೀರ್ಮಾನಿಸಬಾರದು.

ಬಿಡಿಸದೆ ಹಾಗೆಯೇ ಮುಂದುವರಿಸುವುದೂ ಒಂದು ಆಯ್ಕೆಯೇ, ಅದನ್ನು ಮುಚ್ಚಿಡಲಾರೆ. ತಾಯಿಯವರು ತೀರಾ ದುರ್ಬಲರಾಗಿದ್ದರೆ, ಅಥವಾ ಆಯುಷ್ಯ ಮೊಟಕಾಗುವ ಬೇರೆ ರೋಗವಿದ್ದರೆ, ಇದನ್ನು ಅಲುಗಾಡಿಸದಿರುವುದೇ ವಿವೇಕ ಎಂದು ವೈದ್ಯರು ಹೇಳಬಹುದು. ನಡೆದಾಡಿಕೊಂಡು ಚುರುಕಾಗಿರುವ 72ರವರಿಗೆ ನಾನು ಹಾಗೆ ಹೇಳಲಾರೆ. 30ಕ್ಕೆ ಇಳಿಸಿ ಅಲ್ಲೇ ನಿಲ್ಲಿಸಿದರೂ ದೇಹದಲ್ಲಿನ ಔಷಧ ಅರ್ಧಕ್ಕಿಳಿದು ಹಗಲಿನ ಮಂಪರು ತಗ್ಗಬಹುದು.

ನಿಮ್ಮ ವಿಷಯ. ಅರ್ಧ ಮಾತ್ರೆಯಾದರೂ ದಿನವೂ ತೆಗೆದುಕೊಂಡರೆ ಮೂರು ವಾರಗಳಲ್ಲಿ ನಿಮ್ಮೊಳಗೂ 150 ಮಿ.ಗ್ರಾಂಗೂ ಮೀರಿ ಶೇಖರವಾಗುತ್ತದೆ, ಹಗಲು ವಾಹನ ಓಡಿಸುವಾಗಲೂ ಅದು ಇರುತ್ತದೆ. ತಾಯಿಗೆ 18 ವರ್ಷ ಒಗ್ಗಿತೆಂದ ಮಾತ್ರಕ್ಕೆ ನಿಮಗೂ ಒಗ್ಗುತ್ತದೆ ಎನ್ನುವಂತಿಲ್ಲ: ಫಿನೋಬಾರ್ಬಿಟಲ್ ಹೊಸದಾಗಿ ಆರಂಭಿಸಿದ ಮೊದಲ ಒಂದೆರಡು ತಿಂಗಳಲ್ಲಿ ಕೆಲವರಿಗೆ ಚರ್ಮವೂ ಬಾಯಿಯ ಒಳಪೊರೆಯೂ ಸುಲಿದುಬರುವ ಸ್ಟೀವನ್ಸ್-ಜಾನ್ಸನ್ ಎಂಬ ತೀವ್ರ ಅಲರ್ಜಿ ಬರುತ್ತದೆ, ಯಾರಿಗೆ ಎಂದು ಮುಂಚಿತವಾಗಿ ಹೇಳಲಾಗದು. ನೀವು ಗೊರಕೆ ಹೊಡೆಯುವವರಾಗಿದ್ದು, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯೇ ನಿಮ್ಮ ನಿದ್ದೆ ಕೆಡಿಸುತ್ತಿದ್ದರೆ, ಈ ಮಾತ್ರೆ ಅದನ್ನು ಇನ್ನಷ್ಟು ಕೆಡಿಸುತ್ತದೆ. ನಿಮ್ಮ ನಿದ್ದೆಗೆ ಬೇರೆಯಾಗಿಯೇ ವೈದ್ಯರನ್ನು ಕಾಣಿ.

ಮಾತ್ರೆಯ ಡಬ್ಬಿ ಈ ತಿಂಗಳುಗಳಲ್ಲಿ ನಿಮ್ಮ ಬಳಿ ಬೀಗದೊಳಗೆ ಇರಲಿ, ಒಂದು ವಾರಕ್ಕೆ ಆಗುವಷ್ಟನ್ನು ಮಾತ್ರ ಹೊರಗೆ ತೆಗೆದಿಡಿ. ಮಂಪರಿನಲ್ಲಿ ನುಂಗಿದ್ದು ಮರೆತು ಮತ್ತೆ ನುಂಗುವುದನ್ನು ತಪ್ಪಿಸಲು ಇದೇ ಸುಲಭದ ದಾರಿ, ಮಕ್ಕಳಿರುವ ಮನೆಯಾದರೆ ಇನ್ನೂ ಅಗತ್ಯ. ಉಳಿದದ್ದನ್ನು ಕಸದ ಬುಟ್ಟಿಗೆ ಹಾಕದೆ ಔಷಧದಂಗಡಿಗೋ ಆಸ್ಪತ್ರೆಗೋ ಹಿಂದಿರುಗಿಸಿ. ಮುಂದಿನ ಭೇಟಿಗೆ ಹೋಗುವಾಗ ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ, ಕಳೆದ ಒಂದು ವರ್ಷದ ಐಎನ್‌ಆರ್ ಚೀಟಿಗಳನ್ನೂ ಜೊತೆಗೆ ಒಯ್ಯಿರಿ. ವಾರ್ಫರಿನ್ ನೋಡಿಕೊಳ್ಳುವ ವೈದ್ಯರು ಬೇರೆಯಾಗಿದ್ದರೆ, ಫಿನೋಬಾರ್ಬಿಟಲ್‌ನ ಮೊದಲ ಇಳಿಕೆಯ ದಿನಾಂಕ ಅವರಿಗೂ ಮೊದಲೇ ತಿಳಿದಿರಬೇಕು.